ಸ್ಥಳೀಯ ಮಾರ್ಗದರ್ಶಿಯ ಮಾತಿನಲ್ಲಿರುವ ತಪ್ಪನ್ನು ದುಭಾಷಿ ಹಾಗೆಯೇ ದಾಟಿಸಬೇಕೆ? (ಹಂಪಿಯ ಒಂದು ಪ್ರಸಂಗ)

ವರದಾತೀರ
ಎಲ್ಲರಿಗೂ ನಮಸ್ಕಾರ. ನಾನು ಕನ್ನಡ, ಹಿಂದಿ, ಇಂಗ್ಲಿಷ್ ಮತ್ತು ಫ್ರೆಂಚ್ ಬಲ್ಲವಳು. ಆರು ವರ್ಷಗಳಿಂದ ಫ್ರೆಂಚ್ ಮಾತನಾಡುವ ಪ್ರವಾಸಿ ತಂಡಗಳಿಗೆ ದುಭಾಷಿಯಾಗಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು 14 ಜನರ ತಂಡವೊಂದನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಊರಿನವರೇ ಆದ ಹಿರಿಯ ಮಾರ್ಗದರ್ಶಿಯೊಬ್ಬರು ಕನ್ನಡದಲ್ಲಿ ವಿವರಿಸಬೇಕು, ನಾನು ಅದನ್ನು ಫ್ರೆಂಚ್‌ಗೆ ತರಬೇಕು ಎಂಬುದು ಏರ್ಪಾಡು.

ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಅವರು, ಈ ರಥವನ್ನು ಒಂದೇ ಕಲ್ಲಿನಲ್ಲಿ ಕೆತ್ತಲಾಗಿದೆ ಎಂದರು. ಅದು ಹಾಗಲ್ಲ ಎಂಬುದು ನನಗೆ ಗೊತ್ತಿತ್ತು. ಹಲವು ಗ್ರಾನೈಟ್ ಕಲ್ಲುಗಳನ್ನು ಜೋಡಿಸಿ, ಸಂದುಗಳು ಕೆತ್ತನೆಯ ಗೆರೆಗಳಲ್ಲಿ ಮರೆಯಾಗುವಂತೆ ಕಟ್ಟಿದ ಗರುಡನ ಗುಡಿ ಅದು. ಹೀಗಾಗಿ ನಾನು ಫ್ರೆಂಚ್‌ನಲ್ಲಿ, ಅವರ ಮಾತೇ ಎಂಬಂತೆ, ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು ಎಂದು ಹೇಳಿಬಿಟ್ಟೆ. ತಂಡದಲ್ಲಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಸಂತೋಷದಿಂದ ಒಂದು ಸಂದಿಯನ್ನು ಬೆರಳಿಟ್ಟು ತೋರಿಸಿದರು. ಮಾರ್ಗದರ್ಶಿ ತಲೆಯಾಡಿಸಿ ತಮಗೆ ಬರುವ ಇಂಗ್ಲಿಷ್‌ನಲ್ಲಿ, "ಸಿಂಗಲ್ ಸ್ಟೋನ್, ಸಿಂಗಲ್ ಸ್ಟೋನ್" ಎಂದರು. ಆ ಅತಿಥಿ ನನ್ನ ಕಡೆ ತಿರುಗಿ, "ಅವರು ಹಲವು ಕಲ್ಲು ಎಂದರೆಂದು ನೀವು ಹೇಳಿದಿರಲ್ಲ?" ಎಂದು ಕೇಳಿದರು. ನಡೆದದ್ದು ಏನೆಂದು ಮಾರ್ಗದರ್ಶಿಗೆ ಅರ್ಥವಾಯಿತು. ಆಮೇಲೆ ಸಂಜೆಯವರೆಗೂ ಅವರು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು.

ಸುಳ್ಳನ್ನು ದಾಟಿಸಲು ನನಗೆ ಮನಸ್ಸು ಬರಲಿಲ್ಲ. ಆದರೆ ಅವರ ಬಾಯಿಗೆ ಅವರಾಡದ ಮಾತನ್ನು ಹಾಕಿದ್ದೂ ತಪ್ಪೆಂದು ಈಗ ಅನ್ನಿಸುತ್ತಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಸಿಂಗಪುರ ಕನ್ನಡಿಗ
ಕ್ಷಮಿಸಿ, ಆದರೆ ಮಾರ್ಗದರ್ಶಿ ಹೇಳಿದ್ದೇ ಸರಿಯಲ್ಲವೆ? ಅದು ಏಕಶಿಲಾ ರಥವೆಂದು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. 50 ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಬಂದಾಗಲೂ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಮಹಾಬಲಿಪುರದ ರಥಗಳೂ ಏಕಶಿಲೆಯವೇ.

ಹಳೆ ಗೈಡ್
ಸಿಂಗಪುರದವರೆ, ನಿಮ್ಮ ಮಾತಿನಲ್ಲಿ ಮಹಾಬಲಿಪುರದ ಭಾಗ ಸರಿ, ಹಂಪಿಯ ಭಾಗ ಸರಿಯಲ್ಲ. ಮಹಾಬಲಿಪುರದವು ಅಲ್ಲಿಯೇ ಇದ್ದ ಬಂಡೆಯನ್ನು ಕಡೆದು ಮಾಡಿದವು. ಹಂಪಿಯಲ್ಲಿಯೂ ಏಕಶಿಲೆಯ ಕೆಲಸಗಳಿವೆ. ಲಕ್ಷ್ಮೀನರಸಿಂಹ, ಬಡವಿಲಿಂಗ, ಕಡಲೆಕಾಳು ಗಣಪ ಇವೆಲ್ಲ ಆ ಸಾಲಿಗೆ ಸೇರುತ್ತವೆ. ರಥ ಮಾತ್ರ ಸೇರುವುದಿಲ್ಲ. ಮುಂದಿನ ಸಲ ಹೋದಾಗ ಎರಡು ವಿಷಯಗಳನ್ನು ಕಣ್ಣಾರೆ ನೋಡಿ. ಒಂದು, ಪೀಠದ ಪಟ್ಟಿಕೆಗಳ ಉದ್ದಕ್ಕೂ ಕಲ್ಲು ಕಲ್ಲಿನ ನಡುವಿನ ಸಂದು. ಎರಡು, ಮುಂದೆ ನಿಂತಿರುವ ಆನೆಗಳ ಹಿಂಬದಿ. ಅಲ್ಲಿ ಕುದುರೆಯ ಹಿಂಗಾಲು ಮತ್ತು ಬಾಲದ ಕುರುಹುಗಳು ಉಳಿದಿವೆ, ಏಕೆಂದರೆ ಮೊದಲು ಅಲ್ಲಿದ್ದವು ಕುದುರೆಗಳು, ಆನೆಗಳನ್ನು ಆಮೇಲೆ ತಂದಿಟ್ಟಿದ್ದಾರೆ. 1856ರಲ್ಲಿ ಗ್ರೀನ್‌ಲಾ ಎಂಬ ಇಂಗ್ಲಿಷ್ ಅಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಕಾಣುತ್ತದೆ. ಈಗ ಅದು ಇಲ್ಲ.

ಇನ್ನು ವರದಾತೀರ ಅವರ ಪ್ರಶ್ನೆ. ನಾನು ಮೂವತ್ತು ವರ್ಷ ಈ ಕೆಲಸ ಮಾಡಿದವನು. ನಿಮ್ಮ ತಪ್ಪು ತಿದ್ದಿದ್ದರಲ್ಲಿ ಇಲ್ಲ, ತಿದ್ದಿದ್ದನ್ನು ಬಚ್ಚಿಟ್ಟದ್ದರಲ್ಲಿ ಇದೆ. ಕೇಳುವವರಿಗೆ ಯಾರ ಮಾತು ಎಲ್ಲಿ ಮುಗಿಯಿತು, ಯಾರ ಮಾತು ಎಲ್ಲಿ ಆರಂಭವಾಯಿತು ಎಂಬುದು ಗೊತ್ತಾಗಬೇಕು. "ನಮ್ಮ ಮಾರ್ಗದರ್ಶಿಯವರು ಇದು ಒಂದೇ ಕಲ್ಲಿನದು ಎನ್ನುತ್ತಾರೆ; ನಾನು ತಿಳಿದುಕೊಂಡಂತೆ ಹಲವು ಕಲ್ಲುಗಳ ಜೋಡಣೆ" ಎಂದು ಎರಡು ವಾಕ್ಯಗಳಲ್ಲಿ ಹೇಳಿ, ಅದನ್ನೇ ಕನ್ನಡದಲ್ಲಿ ಅವರಿಗೂ ತಿಳಿಸಿದ್ದರೆ ಎಂಜಿನಿಯರ್ ತೋರಿಸಿದ ಸಂದನ್ನು ಮೂವರೂ ಸೇರಿ ನೋಡಬಹುದಿತ್ತು.

ಕೋರಮಂಗಲ_7
ಇದಕ್ಕೆ ನನ್ನ ವಿರೋಧವಿದೆ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅರಬ್ಬಿ ಮಾತನಾಡುವ ರೋಗಿಗಳಿಗೆ ದುಭಾಷಿಯಾಗಿದ್ದೇನೆ. ನಮ್ಮಲ್ಲಿ ನಿಯಮ ಸ್ಪಷ್ಟ: ಹೇಳಿದ್ದನ್ನು ಹೇಳಿದಂತೆಯೇ, ಹೇಳಿದವರ ಉತ್ತಮ ಪುರುಷದಲ್ಲಿಯೇ ದಾಟಿಸಬೇಕು. ರೋಗಿ "ನನಗೆ ಮೂರು ದಿನದಿಂದ ನೋವು" ಎಂದರೆ ನಾನೂ "ನನಗೆ ಮೂರು ದಿನದಿಂದ ನೋವು" ಎನ್ನುತ್ತೇನೆ, "ಅವರಿಗೆ ನೋವಂತೆ" ಎನ್ನುವುದಿಲ್ಲ. ಒಮ್ಮೆ ರೋಗಿಯ ಮಗ ಔಷಧಿಯ ಪ್ರಮಾಣವನ್ನು ತಪ್ಪಾಗಿ ಹೇಳುತ್ತಿದ್ದಾನೆಂದು ನನಗೆ ಅನ್ನಿಸಿತು. ಆದರೂ ಅವನು ಹೇಳಿದ್ದನ್ನೇ ವೈದ್ಯರಿಗೆ ಮುಟ್ಟಿಸಿದೆ. ಬಳಿಕ, "ದುಭಾಷಿಯಾಗಿ ನಾನು ಒಂದು ಸ್ಪಷ್ಟನೆ ಕೇಳಲು ಬಯಸುತ್ತೇನೆ" ಎಂದು ಇಬ್ಬರಿಗೂ ತಿಳಿಸಿ, ಔಷಧಿಯ ಪೊಟ್ಟಣವನ್ನು ತೋರಿಸುವಂತೆ ಕೇಳಿದೆ. ಅವನ ಲೆಕ್ಕ ತಪ್ಪಾಗಿತ್ತು. ನಾನೇ ನಡುವೆ ತಿದ್ದಿದ್ದರೆ, ಮನೆಯಲ್ಲಿ ಅವರು ತಪ್ಪು ಪ್ರಮಾಣ ಕೊಡುತ್ತಿದ್ದರೆಂಬ ವಿಷಯ ವೈದ್ಯರಿಗೆ ಗೊತ್ತೇ ಆಗುತ್ತಿರಲಿಲ್ಲ.

ದುಭಾಷಿಗೆ ತನ್ನದೇ ಆದ ಅಭಿಪ್ರಾಯ ಇರಬಾರದು. ರಥ ಎಷ್ಟು ಕಲ್ಲಿನದು ಎಂಬುದು ನಿಮ್ಮ ಜವಾಬ್ದಾರಿಯೇ ಅಲ್ಲ.

ಹಳೆ ಗೈಡ್
ನಿಮ್ಮ ಪ್ರಸಂಗ ನನ್ನ ಮಾತನ್ನೇ ಸಮರ್ಥಿಸುತ್ತದೆ. ನೀವೂ ಮೊದಲು ಅವರ ಮಾತು, ಆಮೇಲೆ ನಿಮ್ಮ ಮಾತು ಎಂದು ಬೇರೆ ಮಾಡಿ ಹೇಳಿದ್ದೀರಿ. ಉತ್ತಮ ಪುರುಷದ ನಿಯಮ ಮಾತ್ರ ಬಯಲಿನಲ್ಲಿ ನಡೆಯುವುದಿಲ್ಲ. ಹದಿನಾಲ್ಕು ಜನರ ಮುಂದೆ ನಾನು "ನನ್ನ ಅಜ್ಜ ಈ ಕಂಬಗಳನ್ನು ಬಾರಿಸುತ್ತಿದ್ದ" ಎಂದು ಅನುವಾದಿಸಿದಾಗ, ಅದು ನನ್ನ ಅಜ್ಜನೆಂದು ತಿಳಿದುಕೊಂಡವರು ಇದ್ದಾರೆ. ಆಸ್ಪತ್ರೆಯ ಕೋಣೆಯಲ್ಲಿ ಮೂವರೇ ಇರುವುದರಿಂದ ಆ ಗೊಂದಲ ಹುಟ್ಟುವುದಿಲ್ಲ.

ಪ್ರಯಾಣಪ್ರಿಯ
ನನಗೂ ಈ ಕೆಲಸದಲ್ಲಿ ಆಸಕ್ತಿಯಿದೆ. ಗೈಡ್ ಲೈಸೆನ್ಸ್ ಪಡೆಯಲು ಎಲ್ಲಿ ಅರ್ಜಿ ಹಾಕಬೇಕು? ಫ್ರೆಂಚ್ ಎಷ್ಟು ಕಲಿತಿರಬೇಕು?

ವರದಾತೀರ
ಪ್ರಯಾಣಪ್ರಿಯ ಅವರೆ, ಪ್ರಶ್ನೆ ಬೇರೆಯಾದರೂ ಚಿಕ್ಕದಾಗಿ ಉತ್ತರಿಸುತ್ತೇನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್ ತರಬೇತಿ ಆನ್‌ಲೈನ್‌ನಲ್ಲಿಯೇ ಇದೆ, ಅದನ್ನು ನೋಡಿ. ರಾಜ್ಯದ ಪ್ರವಾಸೋದ್ಯಮ ಇಲಾಖೆಯನ್ನೂ ವಿಚಾರಿಸಿ. ಭಾಷೆಗೆ ಬೆಂಗಳೂರಿನ ಆಲಿಯಾನ್ಸ್ ಫ್ರಾನ್ಸೇಸ್ ಇದೆ. ನನ್ನ ಅನುಭವದಲ್ಲಿ ಬಿ2 ಮಟ್ಟದವರೆಗೆ ಕಲಿಯದೆ ತಂಡದ ಮುಂದೆ ನಿಲ್ಲುವುದು ಕಷ್ಟ, ಏಕೆಂದರೆ ನೀವು ಸಿದ್ಧಪಡಿಸಿಕೊಂಡ ವಿವರಣೆಗಿಂತ ಅವರು ನಡುವೆ ಕೇಳುವ ಪ್ರಶ್ನೆಗಳೇ ಹೆಚ್ಚು.

ನುಡಿಗಂಟು
ವರದಾತೀರ ಅವರೆ, ಒಂದು ವಿಷಯ ತಿಳಿಯಬೇಕಿದೆ. ಮಾರ್ಗದರ್ಶಿಯವರು ಕನ್ನಡದಲ್ಲಿ ಆಡಿದ ಮಾತು ಅಕ್ಷರಶಃ ಏನಾಗಿತ್ತು? ನೀವು ಬರೆದಿರುವುದು "ಕೆತ್ತಲಾಗಿದೆ ಎಂದರು" ಎಂದು. ಹಂಪಿಯ ಕಡೆಯ ಹಿರಿಯರೊಬ್ಬರು ಬಾಯಿಮಾತಿನಲ್ಲಿ "ಕೆತ್ತಲಾಗಿದೆ" ಎನ್ನುವುದು ಕಡಿಮೆ.

ವರದಾತೀರ
ಒಳ್ಳೆಯ ಪ್ರಶ್ನೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಚಿಹ್ನೆಗಳಷ್ಟೇ ಇವೆ, ಪೂರ್ಣ ವಾಕ್ಯಗಳಿಲ್ಲ. ಆದರೆ ತಂಡದ ಒಬ್ಬರು ಅಂದು ವಿಡಿಯೊ ತೆಗೆದು ನನಗೂ ಕಳುಹಿಸಿದ್ದರು. ಈಗ ಅದನ್ನು ಮತ್ತೆ ಕೇಳಿದೆ. ಅವರು ಹೇಳಿದ್ದು ಹೀಗೆ: "ಇದನ್ನ ಒಂದ ಕಲ್ಲಿನಾಗ ಕಡದಾರಂತ್ರೀ. ಮೊದಲ ಈ ಗಾಲಿ ತಿರುಗತಿದ್ವಂತ. ಆ ಕಂಬದಾಗ ಏನೈತಿ ಅಂತ ಬ್ರಿಟಿಷರು ಕೊಯ್ದು ನೋಡಿದ್ರಂತ."

ನುಡಿಗಂಟು
ನೋಡಿ, ಮೂರು ವಾಕ್ಯಗಳಲ್ಲಿಯೂ "ಅಂತ" ಇದೆ. ಬರಹದ ಕನ್ನಡದಲ್ಲಿ ಅದು "ಅಂತೆ". ಅವರು ರಥ ಏಕಶಿಲೆಯದೆಂದು ತಾವೇ ಹೊಣೆ ಹೊತ್ತು ಹೇಳಲಿಲ್ಲ. ಹಾಗೆಂದು ಕೇಳಿದ್ದೇನೆ ಎಂದಷ್ಟೇ ಹೇಳಿದರು. "ತಿರುಗುತ್ತಿದ್ದವು" ಎಂಬುದಕ್ಕೂ "ತಿರುಗುತ್ತಿದ್ದವಂತೆ" ಎಂಬುದಕ್ಕೂ ಕನ್ನಡದಲ್ಲಿ ಎಷ್ಟು ಅಂತರವಿದೆಯೆಂಬುದನ್ನು ನಾವು ದಿನನಿತ್ಯ ಗಮನಿಸುವುದೇ ಇಲ್ಲ. ಪಕ್ಕದ ಮನೆಯವರಿಗೆ ಗಂಡು ಮಗುವಾಯಿತಂತೆ ಎಂದು ಹೇಳುವವರನ್ನು, ಅದು ಹೆಣ್ಣು ಮಗುವೆಂದು ಆಮೇಲೆ ಗೊತ್ತಾದರೂ, ಯಾರೂ ಸುಳ್ಳುಗಾರರೆನ್ನುವುದಿಲ್ಲ. ನೀವು ಅನುವಾದದಲ್ಲಿ ಮೊದಲು ಕಳೆದುಕೊಂಡದ್ದು ಆ ಎರಡಕ್ಷರವನ್ನು. ಅದು ಕಳೆದುಹೋದ ಮೇಲೆ ಅವರ ಮಾತು ನಿಮಗೆ ಸುಳ್ಳಾಗಿ ಕಂಡಿತು, ತಿದ್ದಬೇಕೆನ್ನಿಸಿತು.

ಫ್ರೆಂಚ್‌ನಲ್ಲಿ ಇದಕ್ಕೆ ದಾರಿಯಿದೆ, ನಿಮಗೆ ಗೊತ್ತಿರುತ್ತದೆ.

ವರದಾತೀರ
ಗೊತ್ತಿದೆ, ಮತ್ತು ಅಂದು ಅದನ್ನು ಬಳಸಲಿಲ್ಲವೆಂಬುದು ಈಗ ನನ್ನನ್ನು ಕಾಡುತ್ತಿದೆ. ಫ್ರೆಂಚ್ ಪತ್ರಿಕೆಗಳು ಖಚಿತವಾಗದ ಸುದ್ದಿಯನ್ನು ಬರೆಯುವಾಗ ಕ್ರಿಯಾಪದದ ಷರತ್ತಿನ ರೂಪವನ್ನು ಬಳಸುತ್ತವೆ. ಗಾಲಿಗಳು ತಿರುಗುತ್ತಿದ್ದವು ಎಂಬಲ್ಲಿ "ಔರೇ ತುರ್ನೇ" ಎಂದರೆ ಸಾಕು, ಇದು ಕೇಳಿದ ಮಾತು, ಹೇಳುವವರು ಹೊಣೆ ಹೊತ್ತಿಲ್ಲ ಎಂದು ಯಾವ ಫ್ರೆಂಚರಿಗಾದರೂ ತಿಳಿಯುತ್ತದೆ. ಒಂದು ಪದದ ರೂಪ ಬದಲಿಸಿದ್ದರೆ ಇಡೀ ಜಗಳವೇ ಇರುತ್ತಿರಲಿಲ್ಲ.

ಆದರೆ ಕೆಲಸದ ನಡುವೆ ಇದು ಸುಲಭವಲ್ಲವೆಂಬುದನ್ನೂ ಹೇಳಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ, "ಅಂತೆ" ಅದಕ್ಕೂ ಆಚೆ ಬರುತ್ತದೆ. ಫ್ರೆಂಚ್‌ನಲ್ಲಿ ಕ್ರಿಯಾಪದ ಕರ್ತೃವಿನ ಬೆನ್ನಿಗೇ ಬೇಕು. ಮಾರ್ಗದರ್ಶಿ ಉದ್ದನೆಯ ವಾಕ್ಯ ಹೇಳುತ್ತಿರುವಾಗ ನಾನು ಮನಸ್ಸಿನಲ್ಲಿ ಫ್ರೆಂಚ್ ವಾಕ್ಯವನ್ನು ಕಟ್ಟಿ ಮುಗಿಸಿರುತ್ತೇನೆ. ಕೊನೆಯಲ್ಲಿ ಅವರು ಮೆಲುದನಿಯಲ್ಲಿ "ಅಂತ" ಎಂದಾಗ ಕಟ್ಟಿದ್ದನ್ನೆಲ್ಲ ಕೆಡವಿ ಮತ್ತೆ ಕಟ್ಟಬೇಕಾಗುತ್ತದೆ.

ಮ್ಯೂನಿಕ್ ಮಂಜುಳಾ
ಜರ್ಮನ್‌ನಲ್ಲಿ ನಾವು ಇದಕ್ಕೆ "ಜೋಲೆನ್" ಎಂಬ ಕ್ರಿಯಾಪದವನ್ನು ಬಳಸುತ್ತೇವೆ. "ಗಾಲಿಗಳು ತಿರುಗಿದವಂತೆ" ಎಂಬುದಕ್ಕೆ ಅದು ಬಹಳ ಹತ್ತಿರದ ರೂಪ, ಮತ್ತು ಅದು ವಾಕ್ಯದ ಎರಡನೆಯ ಸ್ಥಾನದಲ್ಲಿಯೇ ಬರುವುದರಿಂದ ನನಗೂ ಇದೇ ತೊಂದರೆ. ನಾನು ಕಂಡುಕೊಂಡ ಉಪಾಯ ಒಂದೇ: ಟಿಪ್ಪಣಿ ಹಾಳೆಯ ಎಡ ಅಂಚಿನಲ್ಲಿ ಒಂದು ಕಿರಿದಾದ ಅಂಕಣ ಬಿಟ್ಟಿರುತ್ತೇನೆ. "ಅಂತೆ" ಕೇಳಿಸಿದಾಗಲೆಲ್ಲ ಆ ಅಂಕಣದಲ್ಲಿ ಕಿವಿಯ ಆಕಾರದ ಚಿಹ್ನೆ ಹಾಕುತ್ತೇನೆ. ಓದಿ ಹೇಳುವಾಗ ಕಣ್ಣು ಎಡದಿಂದಲೇ ಆರಂಭವಾಗುವುದರಿಂದ, ಕನ್ನಡದಲ್ಲಿ ಕೊನೆಗೆ ಕೇಳಿದ್ದು ಜರ್ಮನ್‌ನಲ್ಲಿ ಮೊದಲೇ ಕಾಣಿಸುತ್ತದೆ.

ಬೇಲೂರಿನವ
ಇದು ತುಂಬ ಸೂಕ್ಷ್ಮವಾದ ಚರ್ಚೆಯಾಯಿತು, ಆದರೆ ಒಪ್ಪಲು ನನಗೆ ಕಷ್ಟ. ನಮ್ಮ ಕಡೆ ಮಾರ್ಗದರ್ಶಿಗಳು ಎಲ್ಲದಕ್ಕೂ "ಅಂತೆ" ಸೇರಿಸುತ್ತಾರೆ. ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದನಂತೆ ಎನ್ನುತ್ತಾರೆ, ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತಂತೆ ಎಂದೂ ಎನ್ನುತ್ತಾರೆ. ಮೊದಲನೆಯದಕ್ಕೆ ಶಾಸನದ ಆಧಾರವಿದೆ, ಎರಡನೆಯದು ಜನ ಹೇಳುವ ಮಾತು. ಎರಡನ್ನೂ ಒಂದೇ ರೂಪದಲ್ಲಿ ಫ್ರೆಂಚ್‌ಗೆ ತಂದರೆ ವಿಷ್ಣುವರ್ಧನನೂ ಅನುಮಾನಕ್ಕೆ ಒಳಗಾಗುತ್ತಾನೆ.

ನುಡಿಗಂಟು
ಬೇಲೂರಿನವರು ಹಿಡಿದ ಅಂಶ ಸರಿಯಾಗಿದೆ, ನಾನು ಅರ್ಧವನ್ನಷ್ಟೇ ಹೇಳಿದ್ದೆ. ಕನ್ನಡದ "ಅಂತೆ" ಅನುಮಾನವನ್ನು ಸೂಚಿಸುವುದಿಲ್ಲ. ನಾನು ಕಂಡದ್ದಲ್ಲ, ಕೇಳಿದ್ದು ಎಂಬುದಷ್ಟೇ ಅದರ ಅರ್ಥ. 1565ರ ಯುದ್ಧವನ್ನು ನಾವು ಯಾರೂ ಕಂಡಿಲ್ಲ, ಹಾಗಾಗಿ "ಯುದ್ಧ ಆಯಿತಂತೆ" ಎನ್ನಬಹುದು. ಫ್ರೆಂಚ್‌ನ ಷರತ್ತಿನ ರೂಪದಲ್ಲಿ ಮಾತ್ರ, ಇದು ನಿಜವೋ ಅಲ್ಲವೋ ಎಂಬ ಛಾಯೆ ಸೇರಿಕೊಳ್ಳುತ್ತದೆ. ಹೀಗಾಗಿ ಒಂದಕ್ಕೆ ಒಂದು ಎಂದು ಯಾಂತ್ರಿಕವಾಗಿ ಬದಲಿಸಲು ಬರುವುದಿಲ್ಲ. ದುಭಾಷಿ ಪ್ರತಿ ಸಲವೂ ವಿಷಯವನ್ನು ತಿಳಿದು ನಿರ್ಧರಿಸಬೇಕು.

ಕೋರಮಂಗಲ_7
ಅಂದರೆ ದುಭಾಷಿಯೇ ಇತಿಹಾಸಕಾರನೂ ಆಗಬೇಕು ಎಂದಾಯಿತು. ಇದೇ ನನ್ನ ಆಕ್ಷೇಪಣೆ. ನಿರ್ಧಾರ ನಿಮ್ಮ ಕೈಗೆ ಬಂದ ಕೂಡಲೇ ಮಾರ್ಗದರ್ಶಿಯ ಮಾತು ಮಾರ್ಗದರ್ಶಿಯದಾಗಿ ಉಳಿಯುವುದಿಲ್ಲ.

ಹಳೆ ಗೈಡ್
ಪ್ರವಾಸದ ಕೆಲಸದಲ್ಲಿ ವಿಷಯ ತಿಳಿಯದ ದುಭಾಷಿ ಒಂದು ಗಂಟೆಯೂ ನಿಲ್ಲಲಾರ. ಒಂದು ಉದಾಹರಣೆ ಕೊಡುತ್ತೇನೆ. ಹಂಪಿಯಲ್ಲಿ ಎಲ್ಲರೂ "ಉಗ್ರನರಸಿಂಹ" ಎಂದು ಕರೆಯುವ 6.7 ಮೀಟರ್ ಎತ್ತರದ ಮೂರ್ತಿ 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದದ್ದು. ಮಾರ್ಗದರ್ಶಿ "ಉಗ್ರನರಸಿಂಹ" ಎಂದರು, ದುಭಾಷಿ "ಕೋಪಗೊಂಡ ನರಸಿಂಹ" ಎಂದು ಅನುವಾದಿಸಿದರು. ಕೇಳಿದವರು ಆ ಮುಖವನ್ನು ನೋಡಿ ಒಪ್ಪಿಕೊಂಡರು. ಆದರೆ ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯ ವಿಗ್ರಹ ಒಡೆದುಹೋಗಿದೆ, ಅವಳ ಕೈ ಮಾತ್ರ ಅವನ ಬೆನ್ನ ಮೇಲೆ ಉಳಿದಿದೆ. ವಿಷಯ ಗೊತ್ತಿರುವ ದುಭಾಷಿ ಹೆಸರನ್ನು ಅನುವಾದಿಸದೆ ಹೆಸರಾಗಿಯೇ ಬಿಡುತ್ತಾನೆ. "ಜನ ಉಗ್ರನರಸಿಂಹ ಎಂದು ಕರೆಯುತ್ತಾರೆ" ಎಂದು ಹೇಳಿ, ಪಕ್ಕಕ್ಕೆ ನಡೆದು ಆ ಕೈಯನ್ನು ತೋರಿಸುವಂತೆ ಮಾರ್ಗದರ್ಶಿಯನ್ನು ಕನ್ನಡದಲ್ಲಿ ಕೇಳಿಕೊಳ್ಳುತ್ತಾನೆ. ಆಗ ವಿಷಯವನ್ನು ತೋರಿಸಿದವರು ಮಾರ್ಗದರ್ಶಿಯೇ ಆಗುತ್ತಾರೆ.

ತುಂಗಭದ್ರಾ ತಟ
ನಾನು ಹಂಪಿಯಲ್ಲಿಯೇ ಮಾರ್ಗದರ್ಶಿ. ಮೇಲಿನ ಪ್ರಸಂಗದಲ್ಲಿದ್ದವನು ನಾನಲ್ಲ, ಆದರೆ ನನಗೂ ಇಂಥದ್ದು ಆಗಿದೆ, ಆದ್ದರಿಂದ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ.

ಭಾಷೆ ಬರದಿದ್ದರೂ ನಮಗೆ ಎಲ್ಲವೂ ಗೊತ್ತಾಗುತ್ತದೆ. ನಾನು ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ತಲೆಕೆಳಗಾದ ನೆರಳು ಗೋಡೆಯ ಮೇಲೆ ಹೇಗೆ ಬೀಳುತ್ತದೆ, ಸಣ್ಣ ಕಿಂಡಿಯಿಂದ ಬೆಳಕು ಬಂದರೆ ಏಕೆ ಹಾಗಾಗುತ್ತದೆ ಎಂದು ಐದು ನಿಮಿಷ ಹೇಳುತ್ತೇನೆ. ದುಭಾಷಿ ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಅತಿಥಿಗಳ ಮುಖದಲ್ಲಿ ಬೆರಗು ಕಾಣಿಸದಿದ್ದರೆ ನನ್ನ ಮಾತು ದಾಟಲಿಲ್ಲವೆಂದು ತಿಳಿಯುತ್ತದೆ. ಇನ್ನು ಕೆಲವರು ನಾನು ಹೇಳಿದ್ದಕ್ಕಿಂತ ಮೂರು ಪಟ್ಟು ಮಾತನಾಡುತ್ತಾರೆ. ಆಗ ನಾನು ಅಲ್ಲಿ ಏಕೆ ನಿಂತಿದ್ದೇನೆ ಎಂದು ನನಗೇ ತಿಳಿಯುವುದಿಲ್ಲ.

ನಮ್ಮ ಮಾತಿನಲ್ಲಿ ತಪ್ಪುಗಳಿರುತ್ತವೆ, ನಾನು ಒಪ್ಪುತ್ತೇನೆ. ನಾನು ಹಿರಿಯರ ಹಿಂದೆ ತಿರುಗಿ ಕೇಳಿ ಕಲಿತವನು, ರಥ ಒಂದೇ ಕಲ್ಲಿನದು ಎಂದು ನಾನೂ ಬಹಳ ವರ್ಷ ಹೇಳಿದ್ದೇನೆ. ನನ್ನನ್ನು ತಿದ್ದಿದವರು ಒಬ್ಬ ಅಧ್ಯಾಪಕರು. ಅತಿಥಿಗಳು ಎಳನೀರು ಕುಡಿಯುತ್ತಿದ್ದಾಗ ಅವರು ನನ್ನೊಬ್ಬನನ್ನೇ ಕರೆದುಕೊಂಡು ಹೋಗಿ ಆನೆಯ ಹಿಂದಿನ ಕುದುರೆಯ ಕಾಲನ್ನು ತೋರಿಸಿದರು. ಈಗ ನಾನು ಅದನ್ನೇ ಎಲ್ಲರಿಗೂ ತೋರಿಸುತ್ತೇನೆ. ಜನರ ಮುಂದೆ ತಿದ್ದಿದ್ದರೆ ನಾನು ಆ ದಿನ ವಾದ ಮಾಡುತ್ತಿದ್ದೆ.

ವರದಾತೀರ
ನಿಮ್ಮ ಮಾತು ನನಗೆ ನೇರವಾಗಿ ತಟ್ಟಿತು. ಒಂದು ಕೇಳಲೇ? ಹಿಂದಿನ ದಿನವೇ ದುಭಾಷಿಯಾದವರು ಬಂದು, ನೀವು ಏನೇನು ಹೇಳುತ್ತೀರಿ ಎಂದು ಕೇಳಿದರೆ, ಪರೀಕ್ಷೆ ಮಾಡಲು ಬಂದಿದ್ದಾರೆ ಎನ್ನಿಸುವುದಿಲ್ಲವೆ?

ತುಂಗಭದ್ರಾ ತಟ
"ಏನು ಹೇಳುತ್ತೀರಿ" ಎಂದು ಕೇಳಿದರೆ ಅನ್ನಿಸುತ್ತದೆ. "ಅಣ್ಣಾ, ನಿಮ್ಮ ಮಾತಿನಲ್ಲಿ ನನಗೆ ಫ್ರೆಂಚ್ ಪದ ಸಿಗದೆ ಹೋಗುವಂಥದ್ದು ಏನಾದರೂ ಇದ್ದರೆ ಈಗಲೇ ಹೇಳಿ, ರಾತ್ರಿ ಹುಡುಕಿಟ್ಟುಕೊಳ್ಳುತ್ತೇನೆ" ಎಂದು ಕೇಳಿದರೆ ಸಂತೋಷವಾಗುತ್ತದೆ. ಮಾತು ಹಾಗೆ ಆರಂಭವಾದರೆ ಎಲ್ಲ ಕತೆಗಳೂ ಹೊರಗೆ ಬರುತ್ತವೆ.

ಹಳೆ ಗೈಡ್
ಇದು ಸರಿಯಾದ ದಾರಿ. ನಾನು ಹೊಸಪೇಟೆಯಲ್ಲಿ ಹಿಂದಿನ ಸಂಜೆ ಚಹಾ ಕುಡಿಯುತ್ತ ಅರ್ಧ ಗಂಟೆ ಕುಳಿತುಕೊಳ್ಳುತ್ತಿದ್ದೆ. ಮೂರು ಮಾತುಗಳನ್ನು ಆಗಲೇ ಆಡಿಕೊಳ್ಳುತ್ತಿದ್ದೆವು. ಅವರು ಮೂರು ವಾಕ್ಯಗಳಿಗೊಮ್ಮೆ ನಿಲ್ಲಬೇಕು. ಇಸವಿ ಮತ್ತು ಅಂಕಿ ಬಂದಾಗ ನನ್ನ ಕಡೆ ನೋಡಬೇಕು, ಏಕೆಂದರೆ "ಹತ್ತು ಲಕ್ಷ" ಎಂಬುದನ್ನು ನಾನು ಮಿಲಿಯನ್‌ಗೆ ಬದಲಿಸಿಕೊಳ್ಳಬೇಕು, ಅಲ್ಲಿ ಒಂದು ಸೊನ್ನೆ ತಪ್ಪಿದರೂ ಸೈನ್ಯವೇ ಕರಗಿಹೋಗುತ್ತದೆ. ಮೂರನೆಯದು ಸಮಯ. ಒಬ್ಬರು ಹೇಳಿ ಇನ್ನೊಬ್ಬರು ದಾಟಿಸಿದರೆ ಪ್ರತಿ ಜಾಗಕ್ಕೂ ಎರಡರಷ್ಟು ಹೊತ್ತು ಬೇಕು. ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ಗಾಡಿಗೆ ಕಾಯುವ ಸಮಯವೂ ಸೇರುತ್ತದೆ. ಕನ್ನಡದಲ್ಲಿ ಅರ್ಧ ದಿನಕ್ಕೆ ವಿಠ್ಠಲ ದೇವಾಲಯ, ಹಜಾರರಾಮ, ಮಹಾನವಮಿ ದಿಬ್ಬ, ಕಮಲ ಮಹಲ್ ಎಂದು ಯೋಜಿಸಿದ್ದರೆ ಎರಡನ್ನು ಬಿಡಲೇಬೇಕು. ಬಿಡದೆ ಹೋದರೆ ದುಭಾಷಿ ಮಾತುಗಳನ್ನು ಕತ್ತರಿಸಲು ತೊಡಗುತ್ತಾನೆ, ಮೊದಲು ಕತ್ತರಿಸಿಹೋಗುವುದು ಈ "ಅಂತೆ"ಗಳೇ.

ಮ್ಯೂನಿಕ್ ಮಂಜುಳಾ
ಕೊನೆಯ ವಾಕ್ಯ ಅಕ್ಷರಶಃ ನಿಜ. ಬಿಸಿಲಿನಲ್ಲಿ ನಿಂತವರು ಗಡಿಯಾರ ನೋಡಿಕೊಳ್ಳಲು ಆರಂಭಿಸಿದ ಮೇಲೆ ನಾನು "ಎನ್ನಲಾಗುತ್ತದೆ", "ಜನ ಹೇಳುತ್ತಾರೆ" ಎಂಬುದನ್ನೆಲ್ಲ ಕೈಬಿಟ್ಟು ನೇರ ವಾಕ್ಯಗಳಿಗೆ ಇಳಿದದ್ದಿದೆ.

ಸಿಂಗಪುರ ಕನ್ನಡಿಗ
ರಥದ ವಿಷಯದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಹಳೆಯ ಛಾಯಾಚಿತ್ರವನ್ನು ಹುಡುಕಿ ನೋಡಿದೆ, ಶಿಖರ ಕಾಣಿಸುತ್ತದೆ. ಆದರೆ ನನಗೆ ಇನ್ನೊಂದು ಪ್ರಶ್ನೆ. ಆನೆಗುಂದಿ ಕಡೆ ಹೋದರೆ ಅಂಜನಾದ್ರಿಯಲ್ಲಿ ಹನುಮಂತ ಹುಟ್ಟಿದ ಎನ್ನುತ್ತಾರೆ, ಸುಗ್ರೀವನ ಗುಹೆಯನ್ನು ತೋರಿಸುತ್ತಾರೆ. ಅಲ್ಲಿಯೂ ಅನುಮಾನದ ರೂಪ ಹಾಕಿ ಅನುವಾದಿಸುತ್ತೀರಾ? ಭಕ್ತರಿಗೆ ಅದು ನೋವುಂಟುಮಾಡುವುದಿಲ್ಲವೆ?

ವರದಾತೀರ
ಹಾಕುವುದಿಲ್ಲ. ಅಲ್ಲಿ ಅರ್ಚಕರು "ಅಂತೆ" ಎನ್ನುವುದೂ ಇಲ್ಲ. "ಇಲ್ಲಿಯೇ ಹುಟ್ಟಿದ್ದು" ಎನ್ನುತ್ತಾರೆ. ಅದು ನಂಬಿಕೆಯ ಮಾತು, ಕಲ್ಲನ್ನು ನೋಡಿ ಸರಿ ತಪ್ಪು ಹೇಳುವಂಥದ್ದಲ್ಲ. ನಾನು "ಸಂಪ್ರದಾಯದ ಪ್ರಕಾರ" ಎಂಬ ಒಂದು ಮಾತನ್ನು ಆರಂಭದಲ್ಲಿ ಒಮ್ಮೆ ಹೇಳಿ, ಆಮೇಲೆ ಇಡೀ ಕತೆಯನ್ನು ನೇರವಾದ ಕ್ರಿಯಾಪದಗಳಲ್ಲಿ, ಅವರು ಹೇಳಿದ ಉತ್ಸಾಹದಲ್ಲಿಯೇ ಹೇಳುತ್ತೇನೆ. ಪ್ರತಿ ವಾಕ್ಯಕ್ಕೂ ಷರತ್ತಿನ ರೂಪ ಹಾಕಿದರೆ ಅರ್ಚಕರು ತಮ್ಮ ದೇವರ ಬಗ್ಗೆ ತಾವೇ ಸಂದೇಹಪಡುತ್ತಿದ್ದಾರೆಂದು ಅತಿಥಿಗಳಿಗೆ ಕೇಳಿಸುತ್ತದೆ.

ಕೋರಮಂಗಲ_7
"ಸಂಪ್ರದಾಯದ ಪ್ರಕಾರ" ಎಂಬುದನ್ನೂ ಅರ್ಚಕರು ಹೇಳಿರುವುದಿಲ್ಲ. ನೀವು ಸೇರಿಸುತ್ತಿದ್ದೀರಿ.

ವರದಾತೀರ
ಹೌದು, ಸೇರಿಸುತ್ತಿದ್ದೇನೆ. ಅದನ್ನು ಬಿಟ್ಟರೆ ರಾಮಾಯಣವನ್ನೇ ಕೇಳಿರದ ಅತಿಥಿ, ಸುಗ್ರೀವನೆಂಬವನು ವಿಜಯನಗರದ ಒಬ್ಬ ಅರಸನೆಂದು ತಿಳಿದುಕೊಳ್ಳುತ್ತಾರೆ. ನನ್ನ ತಂಡದಲ್ಲಿ ಒಬ್ಬರು ಹಾಗೆಯೇ ತಿಳಿದು, ಅವನ ಆಳ್ವಿಕೆ ಎಂದಿನಿಂದ ಎಂದಿನವರೆಗೆ ಎಂದು ಕೇಳಿದ್ದರು. ಕೇಳುವ ಕನ್ನಡಿಗನಿಗೆ ಹೇಳದೆಯೇ ಗೊತ್ತಿರುವುದನ್ನು ಫ್ರೆಂಚರಿಗೆ ಹೇಳಲೇಬೇಕಾಗುತ್ತದೆ. ಇದನ್ನು ನಾನು ತಿದ್ದುಪಡಿ ಎಂದು ಭಾವಿಸುವುದಿಲ್ಲ.

ಕೋರಮಂಗಲ_7
ನಾನು ಇನ್ನೂ ಒಪ್ಪಿಲ್ಲ. ಆದರೆ ಸುಗ್ರೀವನ ಆಳ್ವಿಕೆಯ ಪ್ರಶ್ನೆಗೆ ನನ್ನ ನಿಯಮದಲ್ಲಿ ಉತ್ತರವಿಲ್ಲವೆಂಬುದನ್ನು ಒಪ್ಪುತ್ತೇನೆ.

ಬೇಲೂರಿನವ
ವರದಾತೀರ ಅವರೆ, ಆ ಮಾರ್ಗದರ್ಶಿಯವರ ಜೊತೆ ಮತ್ತೆ ಮಾತನಾಡಿದಿರಾ?

ವರದಾತೀರ
ನಿನ್ನೆ ರಾತ್ರಿ ಫೋನ್ ಮಾಡಿದೆ. ನಾನು ಅವರ ಮಾತನ್ನು ಬದಲಿಸಿ ಹೇಳಿದ್ದು ತಪ್ಪಾಯಿತೆಂದು ನೇರವಾಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಒಂದ ಕಲ್ಲು ಅಂತಂದೆ, ನೀವು ಫ್ರೆಂಚಿನಾಗ ಹೌದಂದ್ರಿ ಅನ್ಕೊಂಡಿದ್ದೆ, ಅದಕ್ಕ ಬ್ಯಾಸರಾತು" ಎಂದರು. ವಿಡಿಯೊದಲ್ಲಿ ಅವರು "ಕಡದಾರಂತ" ಎಂದು ಹೇಳಿದ್ದನ್ನು ನಾನು ನೆನಪಿಸಿದಾಗ, "ಹೌದಲ್ರೀ, ನಾನೇನ್ ಕಂಡೀನಾ" ಎಂದರು. 1856ರ ಛಾಯಾಚಿತ್ರವನ್ನು ವಾಟ್ಸಪ್‌ನಲ್ಲಿ ಕಳುಹಿಸಲು ಹೇಳಿದ್ದಾರೆ. ಮುಂದಿನ ತಂಡಕ್ಕೂ ಅವರನ್ನೇ ಕೇಳಿಕೊಂಡಿದ್ದೇನೆ. ಬರುತ್ತೇನೆ ಎಂದಿದ್ದಾರೆ, ಆದರೆ ಗಾಲಿ ತಿರುಗುತ್ತಿದ್ದವೆಂಬುದನ್ನು ಮಾತ್ರ ಬಿಡುವುದಿಲ್ಲವಂತೆ.

ತುಂಗಭದ್ರಾ ತಟ
ಬಿಡಬೇಕಾಗಿಯೂ ಇಲ್ಲ. ಗಾಲಿಗಳು ಅಚ್ಚಿನಿಂದ ಬೇರೆಯಾಗಿಯೇ ಕಾಣುತ್ತವೆ, ಬಗ್ಗಿ ನೋಡಿದರೆ ನಿಮಗೇ ತಿಳಿಯುತ್ತದೆ. ತಿರುಗಿದ್ದನ್ನು ಕಂಡವರು ಈಗ ಊರಿನಲ್ಲಿ ಯಾರೂ ಉಳಿದಿಲ್ಲ. ಅಲ್ಲಿ "ಅಂತೆ" ಎಂದೇ ಹೇಳಲಿ, ನೀವೂ ಅದನ್ನು ಹಾಗೆಯೇ ದಾಟಿಸಿ.